ಅಳತೆ ಸಮನಾಗಿದ್ದರೂ ಅಂಗಡಿಯ ಬೋರ್ಡು ಏಕೆ ಒಡೆದೊಡೆದು ಕಾಣುತ್ತದೆ?

ಓದುಗರ ಪ್ರಶ್ನೆ: "ತೀರ್ಥಹಳ್ಳಿ ರಸ್ತೆಯಲ್ಲಿರುವ ನಮ್ಮ ದಿನಸಿ ಅಂಗಡಿಯ ಗೋಡೆಯ ಮೇಲೆ ಹೆಸರನ್ನು ನಾವೇ ಬರೆಯಲು ಹೊರಟಿದ್ದೇವೆ. ಗೋಡೆಯನ್ನು ಸಮಭಾಗ ಮಾಡಿ, ಪಟ್ಟಿಯಿಟ್ಟು ಅಳೆದು, ಅಕ್ಷರ ಅಕ್ಷರಗಳ ನಡುವೆ ಒಂದೇ ಅಂತರ ಬಿಟ್ಟು ಸೀಮೆಸುಣ್ಣದಲ್ಲಿ ಬರೆದೆವು. ಆದರೂ ರಸ್ತೆಯಿಂದ ನೋಡಿದರೆ ಕೆಲವು ಅಕ್ಷರಗಳು ಒತ್ತಿಕೊಂಡಂತೆ, ಕೆಲವು ದೂರ ಸರಿದಂತೆ ಕಾಣುತ್ತವೆ. ಅಳತೆಯಲ್ಲಿ ತಪ್ಪಿಲ್ಲದಿದ್ದರೂ ಹೀಗೇಕೆ?"

ಉತ್ತರ: ಪಟ್ಟಿ ಅಳೆಯುವುದು ಎರಡು ಅಕ್ಷರಗಳು ಅತಿ ಹತ್ತಿರ ಬರುವ ಎರಡು ಬಿಂದುಗಳ ನಡುವಿನ ದೂರವನ್ನು. ಕಣ್ಣು ನೋಡುವುದು ಆ ಎರಡು ಅಕ್ಷರಗಳ ನಡುವೆ, ತಲೆಕಟ್ಟಿನಿಂದ ತಳದವರೆಗೆ, ಖಾಲಿ ಉಳಿದ ಇಡೀ ಜಾಗವನ್ನು. ನಿಮ್ಮ ಅಳತೆ ಸರಿಯಾಗಿದ್ದೂ ಬರಹ ಒಡೆದು ಕಾಣುವುದಕ್ಕೆ ಕಾರಣ ಇದು. ಆದ್ದರಿಂದ ಸಮನಾಗಿಸಬೇಕಾದದ್ದು ದೂರವನ್ನಲ್ಲ, ಆ ಖಾಲಿ ಜಾಗದ ವಿಸ್ತಾರವನ್ನು.

ಕನ್ನಡದಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಾಡುತ್ತದೆ, ಏಕೆಂದರೆ ನಮ್ಮ ಅಕ್ಷರಗಳಲ್ಲಿ ನೇರವಾದ ಬದಿಗಳೇ ಇಲ್ಲವೆನ್ನುವಷ್ಟು ಕಡಿಮೆ. 'ರ' ತನ್ನ ಹೊಟ್ಟೆಯ ಮಟ್ಟದಲ್ಲಿ ಉಬ್ಬಿ ತಳದಲ್ಲಿ ಒಳಕ್ಕೆ ಸರಿಯುತ್ತದೆ. ಅದರ ತಲೆಕಟ್ಟಿನ ತುದಿ ಮಾತ್ರ ಮೇಲೆ ಬಲಕ್ಕೆ ಚಾಚಿರುತ್ತದೆ. 'ಲ', 'ಬ', 'ಜ', 'ಣ'ಗಳಿಗೆ ತಲೆಕಟ್ಟೇ ಇಲ್ಲದ್ದರಿಂದ ಅವುಗಳ ಮೇಲಿನ ಮೂಲೆಗಳು ಬರಿದಾಗಿರುತ್ತವೆ. ಎರಡು ದುಂಡು ಹೊಟ್ಟೆಗಳು ಎದುರಾದಲ್ಲಿ ಅವು ಹತ್ತಿರವಾಗುವುದು ಒಂದೇ ಬಿಂದುವಿನಲ್ಲಿ, ಮೇಲೂ ಕೆಳಗೂ ಸಾಕಷ್ಟು ಖಾಲಿ ಉಳಿಯುತ್ತದೆ. ಹಾಗಾಗಿ ಅವುಗಳನ್ನು ಪಟ್ಟಿಯ ಅಳತೆಗಿಂತ ಹತ್ತಿರ ತರಬೇಕು. 'ಡು', 'ಮ'ಗಳಂತೆ ಬಲಬದಿಯ ಕೊಂಬು ಮೈಯ ಎತ್ತರಕ್ಕೂ ಏಳುವ ಅಕ್ಷರದ ಮುಂದೆ ತುಂಬಿದ ಅಕ್ಷರ ಬಂದರೆ ಖಾಲಿ ಜಾಗ ತೀರ ಕಡಿಮೆಯಾಗುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಬಿಡಬೇಕು. 'ನಾ' ಎಂಬಲ್ಲಿ ದೀರ್ಘವು ಮೇಲ್ಭಾಗದಲ್ಲಿ ಮುಂದಕ್ಕೆ ಚಾಚಿ ಬಾಗುತ್ತದೆ, ಅದರ ಕೆಳಗೆ ಜಾಗ ಬರಿದಾಗಿರುತ್ತದೆ. ಮುಂದಿನ ಅಕ್ಷರದ ಹೊಟ್ಟೆಯನ್ನು ಆ ಬರಿದು ಜಾಗದತ್ತ ಧೈರ್ಯವಾಗಿ ಸರಿಸಬಹುದು.

ಎರಡನೆಯ ಕಾರಣ ಗೋಡೆಯನ್ನು ಸಮಭಾಗ ಮಾಡಿದ್ದರಲ್ಲಿಯೇ ಇದೆ. ನಿಮ್ಮ ಅಂಗಡಿಯ ಹೆಸರನ್ನು ನೀವು ತಿಳಿಸಿಲ್ಲವಾದ್ದರಿಂದ 'ಮಲೆನಾಡು ಸ್ಟೋರ್ಸ್' ಎಂದೇ ಇಟ್ಟುಕೊಳ್ಳೋಣ. ಗೋಡೆ 12 ಅಡಿ ಅಗಲ, 4 ಅಡಿ ಎತ್ತರ ಇರಲಿ. ಎರಡೂ ಬದಿಗೆ ಒಂದೊಂದು ಅಡಿ ಬಿಟ್ಟರೆ ಬರೆಯಲು 120 ಇಂಚು ಉಳಿಯುತ್ತದೆ. ಹೆಸರಿನಲ್ಲಿ ಆರು ಅಕ್ಷರಗಳಿವೆ ಎಂದು 20 ಇಂಚಿನ ಆರು ಮನೆ ಹಾಕಿದರೆ 'ಲೆ' ತನ್ನ ಮನೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಓತ್ವ ಮತ್ತು ದೀರ್ಘವನ್ನು ಹೊತ್ತ 'ಸ್ಟೋ' ತನ್ನ ಮನೆಯಲ್ಲಿ ಹಿಡಿಸುವುದೇ ಇಲ್ಲ, ಎರಡು ಪದಗಳ ನಡುವಿನ ತೆರಪಿಗಂತೂ ಜಾಗವೇ ಉಳಿಯುವುದಿಲ್ಲ.

ಅದರ ಬದಲು 'ಲೆ'ಯಂತಹ ಸಾಧಾರಣ ಅಕ್ಷರವನ್ನು, ಅದರ ಪಕ್ಕದ ತೆರಪನ್ನೂ ಸೇರಿಸಿ, ಒಂದು ಪಾಲು ಎಂದಿಟ್ಟುಕೊಂಡು ಉಳಿದವುಗಳ ಅಗಲವನ್ನು ಅದಕ್ಕೆ ಹೋಲಿಸಿ ಅಂದಾಜು ಮಾಡಬೇಕು. ಮೊದಲು ಹೆಸರನ್ನು ಕಾಗದದ ಮೇಲೆ ನಿಮ್ಮ ಸಹಜ ಶೈಲಿಯಲ್ಲಿ ದೊಡ್ಡದಾಗಿ ಬರೆದು ನೋಡಿದರೆ ಈ ಪಾಲುಗಳು ತಾವಾಗಿಯೇ ಸಿಗುತ್ತವೆ. ನನ್ನ ಬರವಣಿಗೆಯಲ್ಲಿ 'ಮ' ಸುಮಾರು 1.4 ಪಾಲು, 'ಲೆ' 1, 'ನಾ' 1.4, 'ಡು' 1.4, ಪದಗಳ ನಡುವಿನ ತೆರಪು 0.8, 'ಸ್ಟೋ' 2.2, ಅರ್ಕಾವತ್ತು ಸೇರಿದ 'ರ್ಸ್' 1.8 ಆಗುತ್ತವೆ. ಒಟ್ಟು 10 ಪಾಲು; 120 ಇಂಚಿನಲ್ಲಿ ಒಂದು ಪಾಲಿಗೆ 12 ಇಂಚು. ಅಂದರೆ 'ಲೆ'ಗೆ 12 ಇಂಚು ಸಾಕು, 'ಸ್ಟೋ'ಗೆ 26 ಇಂಚಿಗಿಂತ ಹೆಚ್ಚು ಬೇಕು. ಈ ಲೆಕ್ಕ ಅಂತಿಮವಲ್ಲ. ಸಾಲು ಗೋಡೆಯೊಳಗೆ ಹಿಡಿಸುತ್ತದೆಯೇ, ಕೊನೆಯ ಅಕ್ಷರ ಮೂಲೆಗೆ ಸಿಕ್ಕಿ ನಲುಗುತ್ತದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಅಲ್ಲಿಂದ ಮುಂದಿನ ಕೆಲಸ ಕಣ್ಣಿನದು.

ಎತ್ತರದ ಯೋಜನೆಯನ್ನು ಇದಕ್ಕಿಂತ ಹೆಚ್ಚು ಎಚ್ಚರದಿಂದ ಮಾಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಗಲದ ತಪ್ಪನ್ನು ಸೀಮೆಸುಣ್ಣ ಅಳಿಸಿ ತಿದ್ದಬಹುದು, ಎತ್ತರ ತಪ್ಪಿದರೆ ಇಡೀ ಗೋಡೆಯನ್ನು ಮತ್ತೆ ಹಂಚಬೇಕಾಗುತ್ತದೆ. ಕನ್ನಡದ ಒಂದು ಸಾಲು ಎಂದರೆ ಮೂರು ಪಟ್ಟಿ: ನಡುವೆ ಅಕ್ಷರದ ಮೈ, ಅದರ ಮೇಲೆ ಗುಡಿಸು ಮತ್ತು ಏತ್ವಗಳು ಏಳುವ ಜಾಗ, ಕೆಳಗೆ ಒತ್ತುಗಳು ಇಳಿಯುವ ಜಾಗ. ಮೈಗೆ 10 ಇಂಚು ಇಟ್ಟರೆ ಮೇಲಕ್ಕೆ 3, ಕೆಳಕ್ಕೆ 5 ಇಂಚು ಬೇಕು. ಹತ್ತು ಇಂಚಿನ ಅಕ್ಷರಕ್ಕೆ ಹತ್ತೇ ಇಂಚು ಬಿಟ್ಟು ಕೆಳಗಿನ ಸಾಲನ್ನು ಗೆರೆ ಹಾಕಿಬಿಡುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು; ಆಮೇಲೆ ಒತ್ತುಗಳನ್ನು ಕುಗ್ಗಿಸಿ ತುರುಕುವುದು ಅನಿವಾರ್ಯವಾಗುತ್ತದೆ. 10 ಅಡಿ ದೂರಕ್ಕೆ 1 ಇಂಚು ಎತ್ತರ ಎಂಬ ರೂಢಿಯ ಲೆಕ್ಕದಂತೆ 10 ಇಂಚಿನ ಮೈ 100 ಅಡಿಯಿಂದ ಆರಾಮವಾಗಿ ಓದಿಸಿಕೊಳ್ಳುತ್ತದೆ. ಆದರೆ ಒತ್ತಿನ ಎತ್ತರ ಮೈಯ ಅರ್ಧವಷ್ಟೇ ಇರುವುದರಿಂದ ದೂರ ಹೆಚ್ಚಿದಂತೆ ಮೊದಲು ಮಸುಕಾಗುವುದು ಅದೇ. ಅದನ್ನು ಕುಗ್ಗಿಸಿದರೆ 'ಸ್ಟೋರ್ಸ್' ದೂರಕ್ಕೆ 'ಸೋರ್ಸ್' ಆಗಿಬಿಡುತ್ತದೆ.

48 ಇಂಚಿನ ಗೋಡೆಯನ್ನು ಹೀಗೆ ಹಂಚಬಹುದು. ಮೇಲೆ 6 ಇಂಚು ಖಾಲಿ. ನಂತರ ಹೆಸರಿನ ಸಾಲಿಗೆ 3, 10 ಮತ್ತು 5 ಸೇರಿ 18 ಇಂಚು. ಇಲ್ಲಿಗೆ ಗೋಡೆಯ ಸರಿಯಾಗಿ ಅರ್ಧ ಮುಗಿಯುತ್ತದೆ. ಅದರ ಕೆಳಗೆ 'ದಿನಸಿ ಮತ್ತು ಅಡಿಕೆ ವ್ಯಾಪಾರ' ಎಂಬ ಸಣ್ಣ ಸಾಲಿಗೆ 2, 5, 3 ಸೇರಿ 10 ಇಂಚು, 2 ಇಂಚು ತೆರಪು, ಇಂಗ್ಲಿಷ್ ಹೆಸರು ಬೇಕಿದ್ದರೆ ಅದಕ್ಕೆ 5 ಇಂಚು, ತಳದಲ್ಲಿ 7 ಇಂಚು ಖಾಲಿ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು, ಅದು ಮೇಲಿನ ಅರ್ಧದಲ್ಲಿರಬೇಕು ಎಂಬ 2024ರ ತಿದ್ದುಪಡಿಯ ನಿಯಮಕ್ಕೂ ಈ ಹಂಚಿಕೆ ಹೊಂದುತ್ತದೆ. ತಳದಲ್ಲಿ ಮೇಲಿಗಿಂತ ಹೆಚ್ಚು ಬಿಡುವುದಕ್ಕೆ ಕಾರಣವಿದೆ: ಎರಡೂ ಕಡೆ ಸಮ ಬಿಟ್ಟರೆ ಬರಹ ಕೆಳಕ್ಕೆ ಜಾರಿದಂತೆ ಕಾಣುತ್ತದೆ. ನಿಮ್ಮ ಗೋಡೆ ನೆಲಕ್ಕೆ ಹತ್ತಿರವಿದ್ದರೆ ಇನ್ನೂ ಹೆಚ್ಚು ಬಿಡಿ. ಮಳೆಗಾಲದಲ್ಲಿ ಕೆಸರು ಸಿಡಿಯುವುದೂ ಪಾಚಿ ಏರತೊಡಗುವುದೂ ಅಲ್ಲಿಂದಲೇ.

ಈ ಉದಾಹರಣೆಯಲ್ಲಿ ಇನ್ನೊಂದು ತೊಡಕಿದೆ. 'ಮಲೆನಾಡು' ಪದದಲ್ಲಿ ಒಂದೂ ಒತ್ತಿಲ್ಲ, 'ಸ್ಟೋ'ದಲ್ಲಿ 'ಟ'ವತ್ತು ಇದೆ. ಹೀಗಾಗಿ ಎಡಭಾಗದ ಕೆಳಗೆ 5 ಇಂಚಿನ ಪಟ್ಟಿ ಬರಿದಾಗಿ ಉಳಿದು, ಎರಡನೆಯ ಸಾಲು ಹೆಸರಿನಿಂದ ಬೇರ್ಪಟ್ಟಂತೆ ತೋರುತ್ತದೆ. ಇದಕ್ಕೆ ಪರಿಹಾರವೆಂದರೆ ಒತ್ತು ಇಳಿಯುವ ಜಾಗದ ನೇರ ಕೆಳಗೆ ಎರಡನೆಯ ಸಾಲಿನ ಯಾವ ಅಕ್ಷರ ಬರುತ್ತದೆ ಎಂದು ನೋಡುವುದು. ಮೇಲಿನ ಲೆಕ್ಕದಲ್ಲಿ ಸಣ್ಣ ಸಾಲನ್ನು ನಡುವಿಗೆ ಇಟ್ಟರೆ ಅಲ್ಲಿ ಬರುವುದು 'ವ್ಯಾ'. ಅದರ ಮೇಲೆ ಗುಡಿಸೂ ಇಲ್ಲ, ಏತ್ವವೂ ಇಲ್ಲ. ಆದ್ದರಿಂದ ಎರಡನೆಯ ಸಾಲನ್ನು ಒಂದೂವರೆ ಇಂಚು ಮೇಲಕ್ಕೆ ಎತ್ತಿದರೂ ಒತ್ತು ಯಾವುದಕ್ಕೂ ತಾಗುವುದಿಲ್ಲ, ಬರಿದು ಪಟ್ಟಿಯೂ ಕಿರಿದಾಗುತ್ತದೆ. ಅಲ್ಲಿ 'ಡಿ' ಬಂದಿದ್ದರೆ ಎತ್ತುವಂತಿರಲಿಲ್ಲ.

ಗೆರೆ ಹಾಕುವಾಗ ಮಲೆನಾಡಿನ ಗೋಡೆಗಳು ಒಂದು ನಿರ್ಧಾರವನ್ನು ಬೇಡುತ್ತವೆ. ಗಾರೆ ಕೆಲಸದವರ ನೀರು ತುಂಬಿದ ಕೊಳವೆಯಿಂದ ಎರಡೂ ತುದಿಯ ಮಟ್ಟ ಗುರುತಿಸಿ, ಬಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಹೊಡೆದರೆ ನಿಖರವಾದ ಗೆರೆ ಬರುತ್ತದೆ. ಆದರೆ ಹಳೆಯ ಹೆಂಚಿನ ಮನೆಗಳಲ್ಲಿ ಸೂರಿನ ಅಂಚು ಸ್ವಲ್ಪ ಬಾಗಿರುವುದುಂಟು, ಮುಂದಿನ ರಸ್ತೆ ಇಳಿಜಾರಾಗಿರುವುದೂ ಉಂಟು. ನಿಜವಾದ ಮಟ್ಟದ ಗೆರೆ ಅಂತಹ ಸೂರಿನ ಕೆಳಗೆ ಓರೆಯಾಗಿ ಕಾಣುತ್ತದೆ, ಏಕೆಂದರೆ ನೋಡುವವರು ಅದನ್ನು ಹೋಲಿಸುವುದು ಹತ್ತಿರದ ಅಂಚಿಗೆ. 12 ಅಡಿಯಲ್ಲಿ ಸೂರು ಒಂದು ಇಂಚು ತಗ್ಗಿದ್ದರೆ ಗೆರೆಯನ್ನು ಅದೇ ಕಡೆಗೆ ಅರ್ಧ ಇಂಚು ತಗ್ಗಿಸಿ ಎರಡಕ್ಕೂ ನಡುವೆ ಇಡುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಬಾಗಿದ್ದರೆ ಮಟ್ಟವನ್ನೇ ಹಿಡಿದು, ಸೂರಿಗೂ ಬರಹಕ್ಕೂ ನಡುವೆ ಹೆಚ್ಚು ಖಾಲಿ ಬಿಡಿ.

ಇನ್ನು ಕಣ್ಣಿನಿಂದ ತಿದ್ದುವ ಕೆಲಸ. ಪಾಲುಗಳ ಪ್ರಕಾರ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಮೊದಲು ಗುರುತಿಸಿ, ಉಳಿದವುಗಳನ್ನು ಸೀಮೆಸುಣ್ಣದಲ್ಲಿ ತೆಳುವಾಗಿ ಬರೆಯಿರಿ. ಗೆರೆಯಾಗಿ ಮಾತ್ರ ಬರೆದರೆ ತೆರಪು ಸರಿಯಾಗಿ ಕಾಣುವುದಿಲ್ಲ. ಬ್ರಷ್ಷಿನ ಪೂರ್ಣ ದಪ್ಪವನ್ನು ಸೀಮೆಸುಣ್ಣದಿಂದಲೇ ತುಂಬಿಸಿ. ಅನಂತರ ರಸ್ತೆಯ ಆಚೆ ಬದಿಗೆ ಹೋಗಿ ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಆಗ ಅಕ್ಷರಗಳ ವಿವರ ಮಾಸಿ ಸಾಲು ಒಂದು ಬಣ್ಣದ ಪಟ್ಟಿಯಂತಾಗುತ್ತದೆ. ಒತ್ತಿಕೊಂಡ ಕಡೆ ಆ ಪಟ್ಟಿ ಗಟ್ಟಿಯಾಗಿಯೂ ಸಡಿಲವಾದ ಕಡೆ ತೂತು ಬಿದ್ದಂತೆಯೂ ಕಾಣುತ್ತದೆ. ತೂತು ಕಂಡ ಜಾಗದಲ್ಲಿ ಮೂರೇ ಅಕ್ಷರಗಳನ್ನು ಗಮನಿಸಿ: 'ಲೆನಾಡು' ಎಂಬ ಭಾಗದಲ್ಲಿ 'ನಾ' ಎಡಕ್ಕೆ ವಾಲಿದೆಯೇ, ಬಲಕ್ಕೆ ವಾಲಿದೆಯೇ, ನಡುವೆ ನಿಂತಿದೆಯೇ ಎಂದು ಕೇಳಿಕೊಳ್ಳಿ. 'ಮಲೆ' ಬೇರೆ, 'ನಾಡು' ಬೇರೆ ಪದಗಳಂತೆ ಕಂಡರೆ 'ಲೆ'ಯ ತಲೆಕಟ್ಟಿಲ್ಲದ ಮೈಯ ಪಕ್ಕದಲ್ಲಿ ಖಾಲಿ ಹೆಚ್ಚಾಗಿದೆ ಎಂದರ್ಥ. ಹೀಗೆ ಎಡದಿಂದ ಮೂರು ಮೂರಾಗಿ ಮುಂದುವರಿದರೆ ಎಲ್ಲಿ ಎಷ್ಟು ಸರಿಸಬೇಕೆಂಬುದು ತಿಳಿಯುತ್ತದೆ. ಒಮ್ಮೆಗೆ ಅರ್ಧ ಇಂಚಿಗಿಂತ ಹೆಚ್ಚು ಸರಿಸದಿರುವುದು ಲೇಸು.

ಅಂಗಡಿ ರಸ್ತೆಯ ತಿರುವಿನಲ್ಲಿದ್ದು ಗೋಡೆ ಓರೆಯಿಂದಲೇ ಮೊದಲು ಕಾಣುವುದಾದರೆ, ಬಸ್ಸು ಬರುವ ದಿಕ್ಕಿನಲ್ಲಿಯೂ ನಿಂತು ನೋಡಿ. ಓರೆ ನೋಟದಲ್ಲಿ ಅಕ್ಷರ, ತೆರಪು ಎರಡೂ ಅಗಲದಲ್ಲಿ ಕುಗ್ಗುತ್ತವೆ, ಎತ್ತರ ಮಾತ್ರ ಹಾಗೆಯೇ ಉಳಿಯುತ್ತದೆ. ಅಲ್ಲಿ ಎಲ್ಲ ತೆರಪುಗಳನ್ನೂ ಸ್ವಲ್ಪ ಸಡಿಲ ಬಿಟ್ಟು, ಅದಕ್ಕೆ ತಕ್ಕಂತೆ ಅಕ್ಷರದ ಮೈಯನ್ನು ಒಂದು ಇಂಚು ಕಡಿಮೆ ಮಾಡಿದರೆ ಓದು ಸುಲಭವಾಗುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಂತಹ ಕಿರಿದಾದ ಬೀದಿಯಲ್ಲಿಯೂ ಇದೇ ಮಾತು ಸಲ್ಲುತ್ತದೆ, ಅಲ್ಲಿ ಬಹುಪಾಲು ಜನ ಅಂಗಡಿಯನ್ನು ಬದಿಯಿಂದಲೇ ನೋಡುತ್ತಾರೆ.

ಅಕ್ಷರಗಳಿಗೆ ನೆರಳು ಕೊಡುವ ಆಲೋಚನೆಯಿದ್ದರೆ ಅದನ್ನು ಸೀಮೆಸುಣ್ಣದ ಹಂತದಲ್ಲಿಯೇ ಬರೆದುಕೊಳ್ಳಿ. ಬಲಕ್ಕೆ ಒಂದು ಇಂಚು ನೆರಳು ಬಂದರೆ ಪ್ರತಿ ತೆರಪಿನಲ್ಲಿ ಒಂದು ಇಂಚು ಹೋಯಿತು. ಮೊದಲು ಸರಿಯಾಗಿ ಕಂಡ ಸಾಲು ನೆರಳು ಹಚ್ಚಿದ ಮೇಲೆ ಕಿಕ್ಕಿರಿಯುವುದು ಇದರಿಂದಲೇ. ಒತ್ತಿರುವ ಅಕ್ಷರಗಳಲ್ಲಿ ನೆರಳು ಕೆಳಕ್ಕೂ ಇಳಿಯುವುದರಿಂದ ಮೈಗೂ ಒತ್ತಿಗೂ ನಡುವಿನ ಸಂದು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಬಣ್ಣ ಹಚ್ಚಿದ ಮೇಲೆ ದೋಷ ಕಂಡರೂ ಸ್ವಲ್ಪ ಅವಕಾಶವಿದೆ. ತೆರಪು ಹೆಚ್ಚಾಗಿದ್ದರೆ ಪಕ್ಕದ ತಲೆಕಟ್ಟನ್ನಾಗಲಿ ದೀರ್ಘದ ಬಾಗನ್ನಾಗಲಿ ಕಾಲು ಇಂಚು ಮುಂದಕ್ಕೆ ಎಳೆಯಬಹುದು, ಅಥವಾ ಆ ಬದಿಯ ಗೆರೆಯನ್ನು ತುಸು ದಪ್ಪ ಮಾಡಬಹುದು. ತೆರಪು ಕಡಿಮೆಯಾಗಿದ್ದರೆ ಅಕ್ಷರದ ಬಣ್ಣ ಪೂರ್ತಿ ಒಣಗಿದ ಮೇಲೆ ಹಿನ್ನೆಲೆಯ ಬಣ್ಣದಿಂದ ಹೊಟ್ಟೆಯ ಉಬ್ಬನ್ನು ಹೊರಗಿನಿಂದ ಕೊರೆದು ತಗ್ಗಿಸಬೇಕು, ಅದಕ್ಕಾಗಿ ಹಿನ್ನೆಲೆಗೆ ಕಲಸಿದ ಅದೇ ಡಬ್ಬಿಯ ಬಣ್ಣವನ್ನು ಸ್ವಲ್ಪ ಎತ್ತಿಟ್ಟಿರಬೇಕು. ಆದರೆ ಒಂದು ಇಡೀ ಅಕ್ಷರವೇ ಎರಡು ಇಂಚು ತಪ್ಪಿ ನಿಂತಿದ್ದರೆ ಈ ಯಾವ ಉಪಾಯವೂ ಸಾಲದು. ಆ ಅಕ್ಷರವನ್ನು ಹಿನ್ನೆಲೆಯ ಬಣ್ಣದಿಂದ ಪೂರ್ತಿ ಮುಚ್ಚಿ, ಅದು ಒಣಗಿದ ಬಳಿಕ ಹೊಸದಾಗಿ ಬರೆಯುವುದೇ ಸರಿ.