1054ರ ಬಿರುಕು: ಯಾರು ಯಾರನ್ನು ಬಹಿಷ್ಕರಿಸಿದರು?

ಪಠ್ಯಪುಸ್ತಕಗಳಲ್ಲಿ 1054 ಎಂಬ ಇಸವಿಯನ್ನು ಕಾನ್‌ಸ್ಟಾಂಟಿನೋಪಲ್‌ನ ಗ್ರೀಕ್ ಮತ್ತು ರೋಮ್‌ನ ಲ್ಯಾಟಿನ್ ಚರ್ಚುಗಳು ಬೇರ್ಪಟ್ಟ ವರ್ಷವೆಂದು ಕೊಟ್ಟಿರುತ್ತಾರೆ. ಇತಿಹಾಸಕಾರರು ಇದನ್ನು ಒಪ್ಪದಿರುವುದೇಕೆ ಎಂಬುದು, ಆ ವರ್ಷ ಬಹಿಷ್ಕಾರಕ್ಕೆ ಒಳಗಾದವರು ಯಾರೆಂದು ನೋಡಿದರೆ ತಿಳಿಯುತ್ತದೆ.

ಜುಲೈ 16ರಂದು ರೋಮ್‌ನ ಪೋಪ್ ಕಳುಹಿಸಿದ್ದ ಕಾರ್ಡಿನಲ್ ಹಂಬರ್ಟ್ ಮತ್ತು ಅವನ ಜೊತೆಯ ರಾಯಭಾರಿಗಳು ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ಬಲಿಪೀಠದ ಮೇಲೆ ಬಹಿಷ್ಕಾರ ಪತ್ರವನ್ನಿಟ್ಟು ಹೊರನಡೆದರು. ಆ ಪತ್ರ ಹೆಸರಿಸಿದ್ದು ಆ ನಗರದ ಚರ್ಚಿನ ಮುಖ್ಯಸ್ಥ, ಅಂದರೆ ಪೇಟ್ರಿಯಾರ್ಕ್, ಮೈಕೇಲ್ ಕೆರುಲಾರಿಯೋಸ್, ಓಹ್ರಿದ್‌ನ ಆರ್ಚ್‌ಬಿಷಪ್ ಲಿಯೋ ಮತ್ತು ಅವರ ಅನುಯಾಯಿಗಳನ್ನು ಮಾತ್ರ; ಚಕ್ರವರ್ತಿಯನ್ನೂ ನಗರದ ಜನರನ್ನೂ ಅದು ಸತ್ಕ್ರೈಸ್ತರೆಂದು ಹೊಗಳಿತ್ತು. ಕೆಲವೇ ದಿನಗಳಲ್ಲಿ ಕೆರುಲಾರಿಯೋಸನ ಧರ್ಮಸಭೆ ಪ್ರತಿಯಾಗಿ ಶಪಿಸಿದ್ದೂ ಪತ್ರ ಬರೆದವರನ್ನೇ ಹೊರತು ಪೋಪನನ್ನಲ್ಲ. ಶಪಿಸಲು ಪೋಪನೂ ಇರಲಿಲ್ಲ: ಅವರನ್ನು ಕಳುಹಿಸಿದ್ದ ಪೋಪ್ ಒಂಬತ್ತನೆಯ ಲಿಯೋ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದ, ಆದ್ದರಿಂದ ರಾಯಭಾರಿಗಳ ಅಧಿಕಾರ ಆಗಲೂ ಊರ್ಜಿತದಲ್ಲಿತ್ತೇ ಎಂಬುದೇ ಚರ್ಚಾಸ್ಪದ. ಇಷ್ಟಾಗಿಯೂ ಪತ್ರದಲ್ಲಿದ್ದ ಒಂದು ಆರೋಪ ವಿಚಿತ್ರವಾದದ್ದು. ಪವಿತ್ರಾತ್ಮನು ತಂದೆಯಿಂದ ಮಾತ್ರವಲ್ಲದೆ 'ಮಗನಿಂದಲೂ' ಹೊರಡುತ್ತಾನೆಂಬ ಮಾತನ್ನು ಗ್ರೀಕರು ವಿಶ್ವಾಸಪ್ರಮಾಣದಿಂದ ತೆಗೆದುಹಾಕಿದ್ದಾರೆಂದು ಹಂಬರ್ಟ್ ದೂರಿದ. ವಾಸ್ತವದಲ್ಲಿ ಅದನ್ನು ಸೇರಿಸಿಕೊಂಡವರು ಲ್ಯಾಟಿನರು, ರೋಮ್‌ನಲ್ಲಂತೂ ಅದು 1014ರ ಸುಮಾರಿಗಷ್ಟೇ ಪೂಜೆಯಲ್ಲಿ ಸೇರಿತ್ತು. ಲ್ಯಾಟಿನರಂತೆ ಹುಳಿಯಿಲ್ಲದ ರೊಟ್ಟಿಯನ್ನು ಪರಮಪ್ರಸಾದಕ್ಕೆ ಬಳಸಬಹುದೇ ಎಂಬ ಜಗಳವೂ ಇತ್ತು. ಅಂದಿನ ಗ್ರೀಕರಿಗೆ ಇದೇ ಹೆಚ್ಚು ಕಣ್ಣಿಗೆ ಹೊಡೆಯುತ್ತಿತ್ತು, ಏಕೆಂದರೆ ಅದು ಪ್ರತಿ ಪೂಜೆಯಲ್ಲೂ ಕಾಣುವ ವಸ್ತು.

ಮುಂದಿನ ಸಾಕ್ಷ್ಯ ನನ್ನ ಮಟ್ಟಿಗೆ ನಿರ್ಣಾಯಕ. ಪೂಜೆಯ ಪ್ರಾರ್ಥನೆಯಲ್ಲಿ ಮತ್ತೊಂದು ಚರ್ಚಿನ ಮುಖ್ಯಸ್ಥನ ಹೆಸರು ಹೇಳುವುದು ಅವನೊಂದಿಗೆ ಐಕ್ಯವಿದೆ ಎಂಬುದರ ಗುರುತಾಗಿತ್ತು. 1089ರಲ್ಲಿ ಪೋಪ್ ಎರಡನೆಯ ಅರ್ಬನ್, ಕಾನ್‌ಸ್ಟಾಂಟಿನೋಪಲ್‌ನ ಪ್ರಾರ್ಥನೆಯಲ್ಲಿ ತನ್ನ ಹೆಸರನ್ನು ಏಕೆ ಹೇಳುತ್ತಿಲ್ಲವೆಂದು ವಿಚಾರಿಸಿದಾಗ, ಚಕ್ರವರ್ತಿ ಅಲೆಕ್ಸಿಯೋಸ್ ಕರೆಸಿದ ಸಭೆಯಲ್ಲಿ ಹಳೆಯ ದಾಖಲೆಗಳನ್ನು ಹುಡುಕಿದರು. ಪೋಪನ ಹೆಸರನ್ನು ತೆಗೆದುಹಾಕಲು ಆಧಾರವಾಗುವ ಯಾವ ನಿರ್ಣಯವೂ ಅಲ್ಲಿ ಸಿಗಲಿಲ್ಲ. ಕೇವಲ 35 ವರ್ಷಗಳ ಹಿಂದೆ ಚರ್ಚು ವಿಧಿವತ್ತಾಗಿ ಒಡೆದಿದ್ದರೆ ಅದೇ ನಗರದ ಧರ್ಮಾಧ್ಯಕ್ಷರಿಗೆ ಅದರ ಕಾಗದ ಸಿಗದಿರುತ್ತಿತ್ತೇ? ಹೆಸರು ಬಿಟ್ಟುಹೋದದ್ದು ಹನ್ನೊಂದನೆಯ ಶತಮಾನದ ಆರಂಭದಲ್ಲೇ ಇರಬೇಕೆಂದು ಊಹಿಸಲಾಗಿದೆ, ಎಂದರೆ ಸಂಬಂಧ 1054ಕ್ಕೂ ಮೊದಲೇ ಸಡಿಲವಾಗಿತ್ತು.

ಹಾಗಾದರೆ ಒಡೆದದ್ದು ಯಾವಾಗ? ಒಂದೇ ಪೀಠಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡದ್ದನ್ನು ಗಮನಿಸಬೇಕು. 1098ರಲ್ಲಿ ಅಂತಿಯೋಕ್ಯವನ್ನು ಗೆದ್ದ ಕ್ರುಸೇಡ್ ಸೈನಿಕರು ಅಲ್ಲಿದ್ದ ಗ್ರೀಕ್ ಪೇಟ್ರಿಯಾರ್ಕ್ ಜಾನ್‌ನನ್ನೇ ಮರಳಿ ಪೀಠದಲ್ಲಿ ಕೂರಿಸಿದರು. ಅವನನ್ನು ಪರಧರ್ಮೀಯನೆಂದು ಎಣಿಸಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಅವನು ನಗರ ಬಿಡಬೇಕಾಯಿತು, ಲ್ಯಾಟಿನ್ ಬರ್ನಾರ್ಡ್ ಅವನ ಜಾಗಕ್ಕೆ ಬಂದ, ಗ್ರೀಕರು ತಮ್ಮ ಪೇಟ್ರಿಯಾರ್ಕನನ್ನು ಬೇರೆಯಾಗಿಯೇ ಆರಿಸಿಕೊಳ್ಳತೊಡಗಿದರು. 1204ರಲ್ಲಿ ಕ್ರುಸೇಡ್ ಸೇನೆ ಕಾನ್‌ಸ್ಟಾಂಟಿನೋಪಲ್‌ನ್ನೇ ಸೂರೆಗೊಂಡು ವೆನಿಸ್‌ನ ತೊಮ್ಮಾಸೊ ಮೊರೊಸಿನಿಯನ್ನು ಪೇಟ್ರಿಯಾರ್ಕ್ ಮಾಡಿದಾಗ, ಅಲ್ಲಿಯವರೆಗೆ ಪಂಡಿತರ ವಾದವಾಗಿದ್ದದ್ದು ಸಾಮಾನ್ಯ ಗ್ರೀಕ್ ಜನರ ದ್ವೇಷವಾಯಿತು. 1274 ಮತ್ತು 1439ರಲ್ಲಿ ಚಕ್ರವರ್ತಿಗಳು ಒಪ್ಪಿಕೊಂಡ ಐಕ್ಯದ ಒಪ್ಪಂದಗಳು ಊರಿನ ಚರ್ಚುಗಳಲ್ಲಿ ನಿಲ್ಲದೆ ಹೋದದ್ದು ಈ ಕಾರಣದಿಂದಲೇ.