ಪಣಿ ಕೊಟ್ಟವನು ಕೆಲಸ ಕೊಟ್ಟವನಲ್ಲ

ಮಲಯಾಳದ ಕಾಗದಪತ್ರಗಳನ್ನು ಕನ್ನಡಕ್ಕೆ, ಕನ್ನಡದ್ದನ್ನು ಮಲಯಾಳಕ್ಕೆ ತರ್ಜುಮೆ ಮಾಡುವುದು ನನ್ನ ಕೆಲಸ. ಕಾಸರಗೋಡಿನಲ್ಲಿ ಈ ಕೆಲಸಕ್ಕೆ ಬರಗಾಲವಿಲ್ಲ. ಜಾಗದ ಆಧಾರ, ಹಳೆಯ ಉಯಿಲು, ಪಾಲುಪಟ್ಟಿ ಎಲ್ಲ ನನ್ನ ಮೇಜಿಗೆ ಬರುತ್ತವೆ. ಅವು ಕಷ್ಟವೇನಲ್ಲ. ಆ ಭಾಷೆ ನೂರು ವರ್ಷದಿಂದ ಒಂದೇ ಥರ ಇದೆ, ಒಂದು ಸಲ ಕಲಿತರೆ ಸಾಕು. ನನಗೆ ಬೆವರು ಬರುವುದು ದೂರು ಅರ್ಜಿ ಬಂದಾಗ. ಅದರಲ್ಲೂ ಮೋಸ ಹೋದವರ ದೂರು. ಮೋಸ ಹೋದ ಮನುಷ್ಯ ಪುಸ್ತಕದ ಭಾಷೆಯಲ್ಲಿ ಬರೆಯುವುದಿಲ್ಲ, ಹೊಟ್ಟೆ ಉರಿಯ ಭಾಷೆಯಲ್ಲಿ ಬರೆಯುತ್ತಾನೆ.

ಈ ಕೆಲಸ ಶುರುಮಾಡಿದ ಹೊಸತರಲ್ಲಿ ಕುಂಬಳೆ ಕಡೆಯ ಒಬ್ಬ ಹುಡುಗ ಬಂದ. ಗಲ್ಫಿನಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಮಂಗಳೂರಿನ ಒಬ್ಬ ಏಜೆಂಟ್ ಇವನಿಂದ ಅರುವತ್ತು ಸಾವಿರ ತೆಗೆದುಕೊಂಡಿದ್ದ. ವೀಸಾನೂ ಇಲ್ಲ, ದುಡ್ಡೂ ಇಲ್ಲ. ಹುಡುಗ ಮಲಯಾಳದಲ್ಲಿ ನಾಲ್ಕು ಪುಟ ಬರೆದಿದ್ದ. ದೂರು ಮಂಗಳೂರಿನಲ್ಲಿ ಕೊಡಬೇಕಾದ್ದರಿಂದ ಕನ್ನಡ ಆಗಬೇಕಿತ್ತು. ನಾನು ಒಂದೇ ರಾತ್ರಿಯಲ್ಲಿ ಮುಗಿಸಿ ಕೊಟ್ಟೆ.

ಎರಡು ದಿನ ಕಳೆದು ಅಲ್ಲಿನ ವಕೀಲರು ಫೋನ್ ಮಾಡಿದರು. "ಮಾಷ್ಟ್ರೇ, ಕೆಲಸ ಕೊಟ್ಟಿದ್ದಾನೆ ಅಂತ ಇವನೇ ಬರೆದಿದ್ದಾನಲ್ಲ, ಮತ್ತೆ ಎಂಥದ್ದು ದೂರು?" (ನಾನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ನಮ್ಮಲ್ಲಿ ಕನ್ನಡಕ ಹಾಕಿ ಪೆನ್ನು ಹಿಡಿದವರೆಲ್ಲ ಮಾಷ್ಟ್ರೇ.)

ಮೂಲ ತೆಗೆದು ನೋಡಿದೆ. "ಅವನ್ ಎನಿಕ್ಕ್ ಎಟ್ಟಿನ್ಟೆ ಪಣಿ ತನ್ನು" ಅಂತ ಇತ್ತು. ಪಣಿ ಅಂದರೆ ಕೆಲಸ, ತನ್ನು ಅಂದರೆ ಕೊಟ್ಟ, ಎಟ್ಟು ಅಂದರೆ ಎಂಟು. ನಾನು ನಿದ್ದೆಗಣ್ಣಲ್ಲಿ "ಅವನು ನನಗೆ ಎಂಟು ಗಂಟೆಯ ಕೆಲಸ ಕೊಟ್ಟನು" ಅಂತ ಬರೆದಿದ್ದೆ. ಗಂಟೆ ಎಲ್ಲಿಂದ ಬಂತು ಅಂತ ಕೇಳಬೇಡಿ, ಎಂಟು ಒಂಟಿಯಾಗಿ ನಿಂತಿತ್ತು, ಜೊತೆಗೊಂದು ಕೊಟ್ಟೆ. ಮಲಯಾಳಿಗಳ ಬಾಯಲ್ಲಿ "ಪಣಿ ಕೊಡುವುದು" ಅಂದರೆ ಕೆಣಕಿ, ಯಾಮಾರಿಸಿ, ತೊಂದರೆಗೆ ಸಿಕ್ಕಿಸುವುದು. "ಪಣಿ ಕಿಟ್ಟಿ" ಅಂದರೆ ಸಿಕ್ಕಿಬಿದ್ದೆ. ಅದು ಎಂಟರ ಪಣಿಯಾದರೆ ದೊಡ್ಡ ಮಟ್ಟದ ಪಣಿ. ಕೆಲಸ ಕೊಡಲಿಲ್ಲ ಅಂತ ಅಳುತ್ತಿದ್ದ ಹುಡುಗನ ಬಾಯಿಂದ ನಾನು ಕೆಲಸ ಕೊಟ್ಟ ಅಂತ ಹೇಳಿಸಿದ್ದೆ.

ಆ ನಾಲ್ಕು ಪುಟವನ್ನು ಮತ್ತೆ ಕೂತು ಓದಿದಾಗ ಇನ್ನೂ ಬಲೆಗಳು ಕಂಡವು. ಎಲ್ಲಕ್ಕಿಂತ ದೊಡ್ಡದು "ಪಟ್ಟಿ" ಅನ್ನುವ ಶಬ್ದ. ಕನ್ನಡ ಲಿಪಿಯಲ್ಲಿ ಹೀಗೆ ಬರೆಯುವುದೇ ತಪ್ಪು. ಪಟ್ಟಿ ಅಂದರೆ ಮಲಯಾಳದಲ್ಲಿ ನಾಯಿ. ನಾನು ಹೇಳುತ್ತಿರುವ ಶಬ್ದದಲ್ಲಿ ನಾಲಗೆ ಅಷ್ಟು ಹಿಂದೆ ಮಡಚುವುದಿಲ್ಲ, ತ ಹೇಳುವಾಗಿನಂತೆ ಹಲ್ಲಿಗೂ ತಾಗುವುದಿಲ್ಲ. ಹಲ್ಲಿನ ಹಿಂದಿನ ವಸಡಿಗೆ ತಾಗುತ್ತದೆ. ಆ ದನಿಗೆ ನಮ್ಮಲ್ಲಿ ಅಕ್ಷರ ಇಲ್ಲ. ಬೇರೆ ದಾರಿ ಇಲ್ಲದೆ ಟ್ಟ ಬರೆಯುತ್ತಿದ್ದೇನೆ, ನಾಯಿಯನ್ನು ಮರೆತು ಓದಿ.

ಈ ಒಂದು ಶಬ್ದ ಹುಡುಗನ ಅರ್ಜಿಯಲ್ಲಿ ಮೂರು ವೇಷದಲ್ಲಿ ಬಂದಿತ್ತು. "ಅವನೆಪ್ಪಟ್ಟಿ" ಅಂದರೆ ಅವನ ಬಗ್ಗೆ. "ಎನ್ನೆ ಪಟ್ಟಿಚ್ಚು" ಅಂದರೆ ನನಗೆ ಮೋಸ ಮಾಡಿದ. "ಎನಿಕ್ಕ್ ಪಟ್ಟಿಪ್ಪೋಯಿ" ಅಂದರೆ ನಾನು ಎಡವಿಬಿಟ್ಟೆ. ಸಾಲದು ಅಂತ "ಪಟ್ಟಿಲ್ಲ" ಅಂದರೆ ಆಗುವುದಿಲ್ಲ, ಅಂಗಡಿಯ "ಪಟ್ಟ್" ಅಂದರೆ ಸಾಲದ ಲೆಕ್ಕ.

ಎಲ್ಲದರ ಬೇರು ಒಂದೇ, ಅಂಟಿಕೊಳ್ಳುವುದು. ನಮ್ಮ ಹಳಗನ್ನಡದ ಪತ್ತು, ಹೊಸಗನ್ನಡದ ಹತ್ತು ಇದರದ್ದೇ ಅಕ್ಕತಂಗಿಯರು, ಎಣಿಕೆಯ ಹತ್ತಲ್ಲ, ಬೆಂಕಿ ಹತ್ತಿತು ಅನ್ನುವಾಗಿನ ಹತ್ತು. ಮಲಯಾಳದಲ್ಲಿ ಆ ವಸಡಿನ ಟ್ಟ ಇರುವ ಕಡೆ ಕನ್ನಡದಲ್ಲಿ ತ್ತ ಬರುತ್ತದೆ. ಅವರ ಪುಟ್ಟ್ ನಮ್ಮ ಹುತ್ತ, ಅವರ ಚುಟ್ಟ್ ನಮ್ಮ ಸುತ್ತು. ತುಳುವಿನ ಪತ್ತುನಿ, ಅಂದರೆ ಹಿಡಿಯುವುದು, ಅದೂ ಇದೇ ಮನೆಯದು. ವಿಷಯಕ್ಕೆ ಅಂಟಿಕೊಂಡರೆ "ಬಗ್ಗೆ". ಎಡವಟ್ಟು ಬಂದು ನಮಗೆ ಅಂಟಿಕೊಂಡರೆ "ಪಟ್ಟಿಪ್ಪೋಯಿ". ಬೇರೆಯವನು ಬೇಕೆಂತಲೇ ಅಂಟಿಸಿದರೆ "ಪಟ್ಟಿಚ್ಚು". ಕನ್ನಡದಲ್ಲೂ ಹಾಳು ಸಾಮಾನನ್ನು ನಮಗೆ ಮಾರಿದವನ ಬಗ್ಗೆ "ತಲೆಗೆ ಕಟ್ಟಿದ" ಅನ್ನುತ್ತೇವೆ ಅಲ್ವಾ, ಹಾಗೆ.

ಇಲ್ಲಿ ಎರಡು ಅಪಾಯ ಇದೆ. "ಎನಿಕ್ಕ್ ಪಟ್ಟಿಪ್ಪೋಯಿ" ಎಂಬುದನ್ನು "ನನ್ನಿಂದ ತಪ್ಪಾಯಿತು" ಅಂತ ಬರೆದರೆ ದೂರು ಕೊಟ್ಟವನೇ ತಪ್ಪೊಪ್ಪಿಗೆ ಬರೆದುಕೊಟ್ಟಂತೆ ಕಾಣುತ್ತದೆ. ಅವನು ಹೇಳಿದ್ದು ನಂಬಿ ಕೆಟ್ಟೆ ಅಂತ ಮಾತ್ರ. ನಾನೀಗ "ನಾನು ಮೋಸ ಹೋದೆ" ಅಂತಲೇ ಬರೆಯುತ್ತೇನೆ. ಕನ್ನಡದ ಈ ಮಾತು ಸೊಗಸಾಗಿದೆ. ಹೋದವನು ನಾನೇ, ಆದರೂ ತಪ್ಪು ನನ್ನದಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಪಟ್ಟಿಚ್ಚು ಅನ್ನುವುದು ತಮಾಷೆಗೂ ಆಗುತ್ತದೆ, ದರೋಡೆಯಂಥ ಮೋಸಕ್ಕೂ ಆಗುತ್ತದೆ. ಏಪ್ರಿಲ್ ಒಂದರಂದು ತಂಗಿ ಚಹಾಕ್ಕೆ ಉಪ್ಪು ಹಾಕಿ ಕೊಟ್ಟರೂ ಪಟ್ಟಿಚ್ಚು, ಏಜೆಂಟ್ ದುಡ್ಡು ನುಂಗಿದರೂ ಪಟ್ಟಿಚ್ಚು. ಕನ್ನಡದಲ್ಲಿ ನಾನು ಒಂದನ್ನು ಆರಿಸಲೇಬೇಕು. "ಮಂಗ ಮಾಡಿದ" ಅಂದರೆ ಪೊಲೀಸರು ನಗುತ್ತಾರೆ. "ವಂಚಿಸಿದ" ಅಂದರೆ ಕಾನೂನಿನ ಬಾಗಿಲು ತಟ್ಟಿದ ಹಾಗೆ. ಕಾನೂನು ಕೇಳುವುದು ಸುಳ್ಳು ಹೇಳಿದನೋ ಅಂತ ಮಾತ್ರ ಅಲ್ಲ. ಆ ಸುಳ್ಳನ್ನು ನಂಬಿ ನೀನು ಏನನ್ನು ಕೊಟ್ಟೆ, ನಿನಗೇನು ನಷ್ಟವಾಯಿತು, ಕೊಡಿಸುವಾಗಲೇ ಅವನಿಗೆ ಕೆಟ್ಟ ಉದ್ದೇಶ ಇತ್ತೋ ಅಂತಲೂ ಕೇಳುತ್ತದೆ. ಹಾಗಾಗಿ ಈ ಶಬ್ದ ಸಿಕ್ಕಿದರೆ ನಾನು ಪೆನ್ನು ಕೆಳಗಿಟ್ಟು ಮುಂದಿನ ಸಾಲು ಓದುತ್ತೇನೆ. ಏನಾದರೂ ಕೈಬಿಟ್ಟು ಹೋಗಿದೆಯಾ ನೋಡುತ್ತೇನೆ. ಹುಡುಗನ ಅರ್ಜಿಯಲ್ಲಿ ಮುಂದಿನ ಸಾಲಿನಲ್ಲೇ ಅರುವತ್ತು ಸಾವಿರ ಇತ್ತು.

ಅಂದಹಾಗೆ ಮೋಸಗಾರನಿಗೆ ನಾವು ಇಟ್ಟ ಹೆಸರೂ ಕಾನೂನಿನಿಂದ ಬಂದದ್ದೇ. 1860ರ ದಂಡ ಸಂಹಿತೆಯ 420ನೇ ಕಲಮು ಮೋಸ ಮಾಡಿ ಸೊತ್ತು ಕಿತ್ತುಕೊಳ್ಳುವುದರ ಬಗ್ಗೆ. ಅದರಿಂದ ಹಿಂದಿಯಲ್ಲಿ ಚಾರ್ ಸೌ ಬೀಸ್, ನಮ್ಮಲ್ಲಿ ಫೋರ್ ಟ್ವೆಂಟಿ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು ಆ ಅಪರಾಧ 318(4) ಆಗಿದೆ. ಆದರೆ "ಅವನೊಬ್ಬ ತ್ರೀ ಒನ್ ಏಟ್" ಅಂತ ಬೈಯುವವರನ್ನು ನಾನಿನ್ನೂ ಕಂಡಿಲ್ಲ. ಅರ್ಜಿಯಲ್ಲಿ ಫೋರ್ ಟ್ವೆಂಟಿ ಅಂತ ಬೈಗುಳ ಬಂದರೆ ನಾನು ಸುಮ್ನೆ ಮೋಸಗಾರ ಅಂತ ಬರೆಯುತ್ತೇನೆ.

ಇನ್ನು ಮೋಸ ಹೋದವನ ಹೆಸರುಗಳು. ಇದರಲ್ಲಿ ಎಲ್ಲ ಭಾಷೆಗಳೂ ಶ್ರೀಮಂತ. ಹಿಂದಿಯವರು ಅವನನ್ನು ಗೂಬೆ ಮಾಡುತ್ತಾರೆ. ನಾವು ಮಂಗ, ಕುರಿ ಮಾಡುತ್ತೇವೆ, ಹಿಂದಿಯಿಂದ ಬಕ್ರವನ್ನೂ ತಂದುಕೊಂಡಿದ್ದೇವೆ. ಯುರೋಪಿನ ಕೆಲವರಿಗೆ ಹಕ್ಕಿಯೇ ಬೇಕು. ಫ್ರೆಂಚರಿಗೆ ಪಾರಿವಾಳ, ಇಟಲಿಯವರಿಗೆ ಕೋಳಿ. ಜಪಾನಿನಲ್ಲಿ ಬಾತುಕೋಳಿ. ಮರಾಠಿಯವರು ಅವನನ್ನು ಮಾಮಾ ಮಾಡುತ್ತಾರೆ, ಸ್ಪೇನಿನವರು ಕಸಿನ್ ಮಾಡುತ್ತಾರೆ. ನೆಂಟರ ಬಗ್ಗೆ ಎರಡೂ ಕಡೆಯವರಿಗೆ ಒಂದೇ ಅಭಿಪ್ರಾಯ ಇದ್ದಂತಿದೆ.

ನನಗೆ ಜಾಸ್ತಿ ಇಷ್ಟವಾದದ್ದು ದಕ್ಷಿಣದ ಇನ್ನೊಂದು ಗುಂಪು. ಕನ್ನಡದಲ್ಲಿ ಟೋಪಿ ಹಾಕುತ್ತಾರೆ, ಪಂಗನಾಮ ಹಾಕುತ್ತಾರೆ, ಕಿವಿ ಮೇಲೆ ಹೂವಿಡುತ್ತಾರೆ. ತಮಿಳರಲ್ಲಿ ಪಟ್ಟೆ ನಾಮ, ಕಿವಿಗೆ ಹೂ ಸುತ್ತುವುದು, ತಲೆಯ ಮೇಲೆ ಮೆಣಸಿನಕಾಯಿ ಅರೆಯುವುದು. ತೆಲುಗರು ದೇವಸ್ಥಾನದಲ್ಲಿ ಭಕ್ತರ ತಲೆಗೆ ಮುಟ್ಟಿಸುವ ಶಠಗೋಪವನ್ನೂ ಬಿಟ್ಟಿಲ್ಲ. ಎಲ್ಲವೂ ಕತ್ತಿನಿಂದ ಮೇಲೆ, ಗಮನಿಸಿದಿರಾ? ಹಣೆಯ ನಾಮ, ಕಿವಿಯ ಹೂವು, ತಲೆಯ ಟೋಪಿ, ಇವು ಊರಿಗೆಲ್ಲ ಕಾಣುತ್ತವೆ. ಕಾಣದಿರುವುದು ಹಾಕಿಸಿಕೊಂಡವನಿಗೆ ಮಾತ್ರ. ಈ ನುಡಿಗಟ್ಟು ಮಾಡಿದವರು ಮೋಸವನ್ನು ಹತ್ತಿರದಿಂದ ನೋಡಿದವರೇ ಇರಬೇಕು.

ಇವನ್ನು ತರ್ಜುಮೆ ಮಾಡುವುದು ಸುಲಭ, ಒಂದು ಟೋಪಿಗೆ ಇನ್ನೊಂದು ನಾಮ ಸಿಗುತ್ತದೆ. ಮಲಯಾಳದ ಎರಡು ಶಬ್ದ ಮಾತ್ರ ಈಗಲೂ ನನ್ನನ್ನು ನಿಲ್ಲಿಸುತ್ತವೆ. ಒಂದು, ಹುಡುಗರು ಹೇಳುವ "ಞಾನ್ ಶಶಿಯಾಯಿ". ನಾನು ಬೆಪ್ಪನಾದೆ ಅಂತ ಅರ್ಥ. ಶಬ್ದಕ್ಕೆ ಶಬ್ದ ಇಟ್ಟರೆ ಇವನು ಹೆಸರು ಬದಲಾಯಿಸಿಕೊಂಡಂತೆ ಆಗುತ್ತದೆ. ಮೋಸದ ಕೇಸಿನಲ್ಲಿ ಅದಕ್ಕಿಂತ ಕೆಟ್ಟದ್ದು ಬೇಕೇ?

ಇನ್ನೊಂದು "ಎನ್ನೆ ಪೊಟ್ಟನಾಕ್ಕಿ". ಪೊಟ್ಟನ್ ಅಂದರೆ ಪೆದ್ದ. ಕಿವುಡ ಅಂತಲೂ ಅರ್ಥ ಇದೆ. ನಿಘಂಟು ನೋಡಿ "ನನ್ನನ್ನು ಕಿವುಡನನ್ನಾಗಿ ಮಾಡಿದ" ಅಂತ ಬರೆದರೆ ಕಥೆ ಮುಗಿಯಿತು. ಒಂದು ಕಿವಿ ಶಾಶ್ವತವಾಗಿ ಕೇಳದಂತೆ ಮಾಡಿದರೂ ಕಾನೂನಿನಲ್ಲಿ ಅದು ತೀವ್ರ ಗಾಯ. ಅರುವತ್ತು ಸಾವಿರದ ಮೋಸ ಹೊಡೆದಾಟದ ಕೇಸಾಗುತ್ತದೆ. ನಮ್ಮ ಕಡೆ ಈ ಶಬ್ದವನ್ನು ಬರೀ ಬೈಗುಳ ಅನ್ನುವ ಹಾಗೂ ಇಲ್ಲ. ಭೂತಕೋಲದ ಹಾಗೆ ದೈವದ ವೇಷ ಕಟ್ಟುವ ಪೊಟ್ಟನ್ ತೆಯ್ಯಂ ನೋಡಿದವರಿಗೆ ಗೊತ್ತು. ಶಂಕರಾಚಾರ್ಯರಿಗೆ ದಾರಿ ಬಿಡದೆ, ನಿನ್ನನ್ನು ಕಡಿದರೂ ನನ್ನನ್ನು ಕಡಿದರೂ ಬರುವುದು ರಕ್ತವೇ ಅಲ್ಲವೇ ಅಂತ ಕೇಳಿದವನು ಅವನು. ಕೆಂಡದ ರಾಶಿಯ ಮೇಲೆ ಒರಗಿ ತಮಾಷೆ ಮಾಡುತ್ತಾನೆ. ಅಲ್ಲಿ ಬೆಪ್ಪಾದವನು ಪೊಟ್ಟನ್ ಅಲ್ಲ.

ಕುಂಬಳೆಯ ಹುಡುಗನ ಅರ್ಜಿಯನ್ನು ಹೊಸದಾಗಿ ಬರೆದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಎಂಟರ ಪಣಿಯ ಜಾಗದಲ್ಲಿ "ನನ್ನನ್ನು ದೊಡ್ಡ ತೊಂದರೆಗೆ ಸಿಕ್ಕಿಸಿದನು" ಅಂತ ಬಂತು. ಪಟ್ಟಿಚ್ಚು ಇದ್ದಲ್ಲೆಲ್ಲ ವಂಚಿಸಿದನು ಅಂತ ಹಾಕಿದೆ. ಒಂದು ಕಡೆ ಮಾತ್ರ, ಏಜೆಂಟ್ ಇವನನ್ನು ಮೂರು ಸಲ ಮಂಗಳೂರಿಗೆ ಕರೆಸಿ ಆಫೀಸಿಗೆ ಬೀಗ ಹಾಕಿ ಹೋಗಿದ್ದ ಕಡೆ, ದುಡ್ಡಿನ ಮಾತಿರಲಿಲ್ಲ. ಅಲ್ಲಿ "ಮಂಗ ಮಾಡಿದನು" ಅಂತ ಬರೆದೆ. ಅದೇ ಸರಿಯಾದ ಶಬ್ದ ಅಂತ ಈಗಲೂ ನನ್ನ ನಂಬಿಕೆ.

ಎದುರು ಕೂರಿಸಿ ಓದಿ ಹೇಳಿದೆ. ಆ ಸಾಲು ಬಂದಾಗ ಹುಡುಗ ಕೈ ಅಡ್ಡ ಹಿಡಿದ. "ಅದೊಂದು ತೆಗೀರಿ ಮಾಷ್ಟ್ರೇ. ಮಂಗ ಆದದ್ದು ಮನೆಯಲ್ಲಿ ಅಪ್ಪನಿಗೆ ಗೊತ್ತುಂಟು. ಸ್ಟೇಷನ್ನಿನವರಿಗೂ ಗೊತ್ತಾಗುವುದು ಬೇಡ."

"ಮೂರು ಸಲ ಅಲೆದಾಡಿಸಿದನು" ಅಂತ ಮಾಡಿದೆ.