ಪಡುಗೋಡೆಯ ಬಿಸಿಲು, ಪಡುಗೋಡೆಯ ಮಳೆ

ಉಡುಪಿ, ಮಂಗಳೂರಿನ ಕಡೆ ಮನೆ ಕಟ್ಟಲು ಹೊರಟವರು ಮುರಕಲ್ಲನ್ನು ಬಿಟ್ಟು ಬೇರೆ ಇಟ್ಟಿಗೆಯನ್ನು ಯೋಚಿಸುವಾಗ ಸಾಮಾನ್ಯವಾಗಿ ಎರಡು ಹೆಸರುಗಳು ಮುಂದೆ ಬರುತ್ತವೆ. ಒಂದು, ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆದ ಮಣ್ಣಿನ ಬ್ಲಾಕ್. ಇನ್ನೊಂದು, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹಾರುಬೂದಿಗೆ ಸುಣ್ಣವನ್ನೋ ಸಿಮೆಂಟನ್ನೋ ಸೇರಿಸಿ ಮಾಡಿದ ಬೂದು ಬಣ್ಣದ ಇಟ್ಟಿಗೆ. ಎರಡನ್ನೂ ಸುಡುವುದಿಲ್ಲ. ಇವುಗಳಲ್ಲಿ ಯಾವುದು ಮನೆಯನ್ನು ತಂಪಾಗಿಡುತ್ತದೆ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕರಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರ ಬಹುಪಾಲು ನೀರಿನಲ್ಲಿ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಒಂದು ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದು ಪಡುವಣಕ್ಕೆ ಮುಖಮಾಡಿದ, 23 ಸೆಂಟಿಮೀಟರ್ ದಪ್ಪದ ಗೋಡೆ. ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆ. ಹೊರಗಿನ ಗಾಳಿ 34 ಡಿಗ್ರಿ, ಒಳಗಿನದು 30 ಡಿಗ್ರಿ. ಹೆಚ್ಚು ಒತ್ತಿ ಸಾಂದ್ರವಾಗಿಸಿದಷ್ಟೂ ಮಣ್ಣಿನ ಬ್ಲಾಕ್ ಶಾಖವನ್ನು ಬೇಗ ದಾಟಿಸುತ್ತದೆ. ಅದರ ಉಷ್ಣವಾಹಕತೆಯನ್ನು ಮೀಟರಿಗೆ, ಡಿಗ್ರಿಗೆ 1 ವ್ಯಾಟ್ ಎಂದೂ, ಹಾರುಬೂದಿ ಇಟ್ಟಿಗೆಯದನ್ನು 0.85 ಎಂದೂ ಹಿಡಿಯೋಣ. ಗೋಡೆಯ ಎರಡೂ ಮೈಗಳಿಗೆ ಅಂಟಿಕೊಂಡ ಗಾಳಿಯ ಪದರವನ್ನೂ, ಹಾರುಬೂದಿ ಗೋಡೆಯ ಸಿಮೆಂಟ್ ಸಾರಣೆಯನ್ನೂ ಸೇರಿಸಿದರೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರೊಂದರಲ್ಲಿ ಸಾರಣೆಯಿಲ್ಲದ ಮಣ್ಣಿನ ಗೋಡೆ 2.5 ವ್ಯಾಟ್, ಹಾರುಬೂದಿ ಗೋಡೆ 2.1 ವ್ಯಾಟ್ ಶಾಖವನ್ನು ಒಳಕ್ಕೆ ಬಿಡುತ್ತವೆ. ಅಂತರ ಇದೆ, ಆದರೆ ದೊಡ್ಡದಲ್ಲ.

ಈಗ ಬಿಸಿಲನ್ನು ಸೇರಿಸಬೇಕು. ಆ ಹೊತ್ತಿಗೆ ಪಡುಗೋಡೆಯ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ. ಕೆಂಪು ಮೈ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಹೀರಿಕೊಂಡರೆ, ಗೋಡೆಯ ಪಾಲಿಗೆ ಹೊರಗಿನ ಗಾಳಿ 34ರ ಬದಲು 55 ಡಿಗ್ರಿ ಇದ್ದಂತೆ. ಹೊಸದಾಗಿ ಸುಣ್ಣ ಬಳಿದ ಬಿಳಿ ಮೈ ಮೂವತ್ತರಷ್ಟನ್ನೇ ಹೀರುವುದರಿಂದ ಅದು 43 ಡಿಗ್ರಿಯಷ್ಟೇ. ಹೀಗೆ ಲೆಕ್ಕ ಹಾಕಿದರೆ ಬರಿಮೈಯ ಮಣ್ಣಿನ ಗೋಡೆಯ ಮೂಲಕ ಚದರ ಮೀಟರಿಗೆ 63 ವ್ಯಾಟ್, ಅದೇ ಗೋಡೆಗೆ ಸುಣ್ಣ ಬಳಿದರೆ 33 ವ್ಯಾಟ್, ಸಾರಣೆ ಮಾಡಿ ಬಿಳಿ ಬಳಿದ ಹಾರುಬೂದಿ ಗೋಡೆಯ ಮೂಲಕ 27 ವ್ಯಾಟ್ ಒಳಬರುತ್ತದೆ. ನಿಜವಾದ ಗೋಡೆಯಲ್ಲಿ ಶಾಖದ ಅಲೆ ದಪ್ಪದೊಳಗೆ ಮಟ್ಟಸವಾಗುವುದರಿಂದ ಅಂಕಿಗಳು ಇದಕ್ಕಿಂತ ಕಡಿಮೆಯಿರುತ್ತವೆ. ಆದರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮ ಇದೇ ರೀತಿ ಉಳಿಯುತ್ತದೆ. ಬಣ್ಣದಿಂದ ಉಳಿದದ್ದು 30 ವ್ಯಾಟ್, ಇಟ್ಟಿಗೆಯನ್ನೂ ಸಾರಣೆಯನ್ನೂ ಬದಲಿಸಿದ್ದರಿಂದ ಉಳಿದದ್ದು ಕೇವಲ 6.

ಆ ಶಾಖ ಒಳಗಿನ ಮೈಯನ್ನು ತಲುಪಲು ಹಿಡಿಯುವ ಹೊತ್ತೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ, ಆರೂವರೆಯಿಂದ ಏಳು ತಾಸು. ಅಂದರೆ ಸಂಜೆ ನಾಲ್ಕರ ಬಿಸಿಲು ರಾತ್ರಿ ಹನ್ನೊಂದರ ಸುಮಾರಿಗೆ, ಜನ ಮಲಗಿರುವಾಗ, ಕೋಣೆಯೊಳಗೆ ಇಳಿಯುತ್ತದೆ. ಹಗಲು ಸುಟ್ಟು ರಾತ್ರಿ ಚಳಿ ಬೀಳುವ ಬಯಲುಸೀಮೆಯಲ್ಲಿ ಇದು ಅನುಕೂಲ. ರಾತ್ರಿಯೂ ಬೆವರಿಳಿಯುವ ನಮ್ಮಲ್ಲಿ ದಪ್ಪ ಗೋಡೆಯ ಈ ಗುಣವನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ಹಾಗಾದರೆ ಬಿಳಿ ಬಳಿದರೆ ಮುಗಿಯಿತಲ್ಲ ಎಂದರೆ, ಮುಗಿಯುವುದಿಲ್ಲ. ಏಕೆಂದರೆ ಅದೇ ಪಡುಗೋಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಗಾಳಿ ಮಳೆಯನ್ನು ಎರಚುತ್ತದೆ. ಎರಡು ಮಿಲಿಮೀಟರ್ ಗಾತ್ರದ ಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಗೂ ಅಷ್ಟೇ ವೇಗವಿದ್ದರೆ ಮಳೆ 45 ಡಿಗ್ರಿ ಓರೆಯಾಗುತ್ತದೆ. ಆಗ ಮೂರು ಅಡಿ ಚಾಚಿದ ಮಾಡು ಗೋಡೆಯ ಮೇಲಿನ ಮೂರು ಅಡಿಯನ್ನಷ್ಟೇ ಕಾಯಬಲ್ಲದು. ಹಿಂದೆ ಆಟಿ ತಿಂಗಳ ಮಳೆಗೆ ಮೊದಲೇ ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದರ ಹಿಂದೆ ಈ ಲೆಕ್ಕವೇ ಇತ್ತು. ತಿಂಗಳುಗಟ್ಟಲೆ ತೋಯ್ದ ಗೋಡೆಯ ಮೇಲೆ ಪಾಚಿ ಹಿಡಿದು, ಒಣಗಿದಾಗ ಕಪ್ಪಾಗುತ್ತದೆ. ಒಂದೆರಡು ಮಳೆಗಾಲ ಕಂಡ ಬಿಳಿ ಗೋಡೆ ಮುಂದಿನ ಏಪ್ರಿಲ್‌ನಲ್ಲಿ ಕೆಂಪು ಗೋಡೆಯಷ್ಟೇ ಬಿಸಿಲನ್ನು ಹೀರಬಹುದು. ಬೇಸಗೆಯ ಸೆಕೆಗೂ ಮಳೆಗಾಲದ ತೇವಕ್ಕೂ ಇರುವ ನಿಜವಾದ ಕೊಂಡಿ ಇದು. ಒದ್ದೆ ಗೋಡೆ ಹೆಚ್ಚು ಶಾಖ ದಾಟಿಸುತ್ತದೆ ಎಂಬುದೂ ನಿಜವೇ, ರಂಧ್ರಗಳಲ್ಲಿ ಗಾಳಿಯ ಬದಲು ಅದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಶಾಖವಾಹಕವಾದ ನೀರು ತುಂಬಿರುತ್ತದೆ. ಆದರೆ ಮಳೆಗಾಲದಲ್ಲಿ ಒಳಗೂ ಹೊರಗೂ ಹೆಚ್ಚಿನ ಅಂತರವೇ ಇರದ ಕಾರಣ ಅದರ ಪರಿಣಾಮ ಅಲ್ಪ.

ನೀರಿನ ವಿಷಯದಲ್ಲಿ ಎರಡು ಇಟ್ಟಿಗೆಗಳೂ ನಿಜವಾಗಿ ಬೇರೆಬೇರೆ. ಮಣ್ಣಿನ ಬ್ಲಾಕಿನಲ್ಲಿ ಜೇಡಿಯ ಕಣಗಳನ್ನು ಸಿಮೆಂಟ್ ಹಿಡಿದಿಟ್ಟಿರುತ್ತದೆ. ನೀರು ಹೊಕ್ಕಾಗ ಸಿಮೆಂಟ್ ತಲುಪದ ಜೇಡಿ ಮೆತ್ತಗಾಗುವುದರಿಂದ ಬ್ಲಾಕಿನ ಬಲ ಅರ್ಧದಷ್ಟಕ್ಕೆ ಇಳಿಯಬಹುದು. ಆದ್ದರಿಂದಲೇ ಅದರ ಬಲವನ್ನು ನೆನೆಸಿಟ್ಟು ಪರೀಕ್ಷಿಸಬೇಕು. ಮಣ್ಣಿನ ಆಯ್ಕೆ ಇಲ್ಲಿ ಮುಖ್ಯ. ನಮ್ಮ ಮುರಮಣ್ಣಿನ ಜೇಡಿ ಹೆಚ್ಚು ಹಿಗ್ಗುವ ಜಾತಿಯದಲ್ಲ, ಸಿಮೆಂಟಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮುರಕಲ್ಲಿನ ಪದರದ ಕೆಳಗೆ ಬಾವಿ ತೋಡುವಾಗ ಸಿಗುವ ಬಿಳಿ, ನಸುಗೆಂಪು ಶೇಡಿ ಮಣ್ಣು ನೀರು ತಾಗಿದೊಡನೆ ಕರಗಿ ಹರಿಯುವಂಥದ್ದು. ರಾಶಿಬಿದ್ದಿದೆ, ಖರ್ಚಿಲ್ಲ ಎಂದು ಅದನ್ನೇ ಒತ್ತಿಸಿದರೆ ಮನೆಯ ಪಂಚಾಂಗದ ಮೇಲಿನ ಎರಡು ವರಸೆ, ಅಂಗಳದ ನೀರು ಸಿಡಿಯುವಲ್ಲಿ, ಮೊದಲ ಮಳೆಗಾಲಕ್ಕೇ ಸವೆಯಲು ತೊಡಗುತ್ತದೆ. ಅದಕ್ಕೆ ಕ್ರಷರಿನ ಕಲ್ಲುಪುಡಿ ಬೆರೆಸಿ ಮರಳಿನ ಅಂಶವನ್ನು ಹೆಚ್ಚಿಸಲೇಬೇಕು. ಗಾರೆಯಿಲ್ಲದೆ ಜೋಡಿಸುವ ಇಂಟರ್‌ಲಾಕ್ ಬ್ಲಾಕಿನಲ್ಲಿ ಇನ್ನೊಂದು ತೊಂದರೆಯಿದೆ: ಬ್ಲಾಕ್ ಎಷ್ಟೇ ಗಟ್ಟಿಯಾಗಿದ್ದರೂ ಓರೆಮಳೆ ಸಂದುಗಳ ಮೂಲಕವೇ ಒಳನುಗ್ಗುತ್ತದೆ.

ಹಾರುಬೂದಿ ಇಟ್ಟಿಗೆಯಲ್ಲಿ ಮೆತ್ತಗಾಗುವ ಜೇಡಿ ಇಲ್ಲ. ಅಲ್ಲಿ ಬೂದಿ ಮತ್ತು ಸುಣ್ಣದ ನಡುವಿನ ಕ್ರಿಯೆ ನಿಧಾನವಾದದ್ದು, ವಾರಗಟ್ಟಲೆ ಒದ್ದೆಯಾಗಿಟ್ಟು ಬಲಿಯಲು ಬಿಡಬೇಕು. ಅವಸರದಲ್ಲಿ ಲಾರಿಗೆ ತುಂಬಿದ ಇಟ್ಟಿಗೆಯ ರಂಧ್ರಗಳು ತುಂಬದೆ ಉಳಿದು ಹೆಚ್ಚು ನೀರು ಕುಡಿಯುತ್ತವೆ, ಗೋಡೆಯಾದ ಮೇಲೆ ಒಣಗುತ್ತಾ ಕುಗ್ಗುತ್ತವೆ. ಆಗ ಸಾರಣೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಬಿರುಕಿನಿಂದ ಹೊಕ್ಕ ನೀರು ಸಾರಣೆಯ ಹಿಂದೆ ಹರಡಿ, ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣವಿದ್ದರೆ ಆವಿಯಾಗಿ ಹೊರಹೋಗಲು ದಾರಿ ಕಾಣದೆ ಬಣ್ಣವನ್ನು ಗುಳ್ಳೆಗಳಾಗಿ ಎಬ್ಬಿಸುತ್ತದೆ. ಸುಣ್ಣ ಬಳಿದ ಗೋಡೆ ಹಾಗೆ ಉಬ್ಬುವುದಿಲ್ಲ, ಆದರೆ ಅದನ್ನು ವರ್ಷವರ್ಷವೂ ಬಳಿಯಬೇಕು.

ಕೊಳ್ಳುವ ಮೊದಲು ಯಾರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಚೆನ್ನಾಗಿ ಒಣಗಿದ ಇಟ್ಟಿಗೆಯನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಗಬೇಕು. 7.8 ಕಿಲೋದ ಮಣ್ಣಿನ ಬ್ಲಾಕ್ 8.8 ಆದರೆ ಅದು ನೂರಕ್ಕೆ 13ರಷ್ಟು ನೀರು ಕುಡಿದಿದೆ, ತೊಂದರೆಯಿಲ್ಲ. ಹಾರುಬೂದಿ ಇಟ್ಟಿಗೆಗೆ ಭಾರತೀಯ ಮಾನಕ ಒಪ್ಪುವ ಮಿತಿ 20. ಬಕೆಟ್ಟಿನ ತಳದಲ್ಲಿ ಕೆಸರು ನಿಂತಿದ್ದರೆ, ಅಥವಾ ನೆನೆದ ಬ್ಲಾಕಿನ ಅಂಚು ಉಗುರಿಗೆ ಕಿತ್ತು ಬಂದರೆ, ತೂಕ ಏನೇ ಹೇಳಲಿ, ಆ ಲೋಡನ್ನು ಇಳಿಸಿಕೊಳ್ಳಬಾರದು.

ಕಟ್ಟಿಯಾದ ಮನೆಯಲ್ಲಿ ಒಳಗೋಡೆ ಒದ್ದೆಯಾಗಿ ಕಂಡಾಗ ಮೇಸ್ತ್ರಿಯನ್ನು ಕರೆಯುವ ಮುನ್ನ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಬದಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಹಿಂದೆ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ, ಹೊರಮೈಯ ಬಿರುಕು ಮತ್ತು ಸಂದುಗಳನ್ನು ಹುಡುಕಬೇಕು. ಕೋಣೆಯ ಕಡೆಗಿನ ಮೈಯಲ್ಲಿ ಹನಿಗಳಿದ್ದರೆ ಅದು ಕೋಣೆಯ ಗಾಳಿಯದೇ ತೇವ. ಒಳಗೆ ಒಣಹಾಕಿದ ಬಟ್ಟೆಗಳನ್ನು ತೆಗೆದು, ಕಿಟಕಿ ತೆರೆಯಬೇಕು.